ಸಂಬಾರ ಡಬ್ಬಿಯಿಂದ ಮದ್ದಿನ ಲೋಟಕ್ಕೆ

ಮನೆಮದ್ದನ್ನು ಹೊಸದಾಗಿ ಕಲಿಯಹೊರಟವರಿಗೆ ಅಡುಗೆಮನೆಯ ಐದು ಸಾಮಗ್ರಿಗಳನ್ನು ಮೊದಲ ಪಾಠವಾಗಿ ಕೊಡುವ ಪದ್ಧತಿ ಈಗ ಚೆನ್ನಾಗಿ ಬೇರೂರಿದ್ದು, ಶುಂಠಿ, ಅರಿಶಿನ, ಕಾಳುಮೆಣಸು, ಜೀರಿಗೆ ಮತ್ತು ಚಕ್ಕೆ ಎಂಬ ಹೆಸರುಗಳು ಅಲ್ಪಸ್ವಲ್ಪ ಬದಲಾವಣೆಯೊಡನೆ ಇಂತಹ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದಿನವೂ ಊಟದಲ್ಲಿ ಸೇರುವ ವಸ್ತು ಮದ್ದಾಗಿ ಹೊಟ್ಟೆಗೆ ಹೋದಾಗಲೂ ಕೇಡು ಮಾಡದು ಎಂಬ ನಂಬಿಕೆ ಈ ಆಯ್ಕೆಯ ಹಿಂದೆ ಇದೆ. ಈ ನಂಬಿಕೆಯಲ್ಲಿ ಸತ್ಯಾಂಶವಿದ್ದರೂ ಅದು ಊಟದ ಅಳತೆಗೆ ಮಾತ್ರ ಅನ್ವಯಿಸುತ್ತದೆ. ಸಾರಿಗೆ ಹಾಕಿದ ಮೆಣಸು ನಾಲ್ಕೈದು ಜನರಿಗೆ ಹಂಚಿಹೋಗಿ ಅನ್ನ ತುಪ್ಪದೊಡನೆ ಒಳಗೆ ಸೇರುತ್ತದೆ. ಅದೇ ಮೆಣಸು ಕಷಾಯವಾದಾಗ ಒಬ್ಬರೇ ಅದನ್ನು ಖಾಲಿ ಹೊಟ್ಟೆಯಲ್ಲಿ, ದಿನಕ್ಕೆ ಎರಡು ಮೂರು ಸಲ, ವಾರಗಟ್ಟಲೆ ಕುಡಿಯುತ್ತಾರೆ. ಆದ್ದರಿಂದ ಇಂತಹ ಪಟ್ಟಿಯ ಯೋಗ್ಯತೆಯನ್ನು ನಿರ್ಧರಿಸುವಾಗ, ಅದು ಹೆಸರಿಸುವ ವಸ್ತುಗಳು ಎಷ್ಟು ಸೌಮ್ಯ ಎಂಬುದಕ್ಕಿಂತ ಅಳತೆಯನ್ನು ಎಷ್ಟು ಚೆನ್ನಾಗಿ ಕಲಿಸಬಲ್ಲವು ಎಂಬುದನ್ನೇ ಮುಖ್ಯವಾಗಿ ನೋಡಬೇಕಾಗುತ್ತದೆ.

ಈ ದೃಷ್ಟಿಯಿಂದ ಶುಂಠಿಗೆ ಸಿಗುವ ಮೊದಲ ಸ್ಥಾನ ಸರ್ವಥಾ ಯೋಗ್ಯವಾದುದು. ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದ್ದನ್ನು ಶುಂಠಿಯೆಂದೂ ಬೇರೆ ಬೇರೆ ಹೆಸರಿನಿಂದ ಕರೆದು ಎರಡನ್ನೂ ಪ್ರತ್ಯೇಕ ದ್ರವ್ಯಗಳಂತೆ ಕಂಡಿರುವುದು ಬರಿಯ ಶಾಸ್ತ್ರದ ಸೂಕ್ಷ್ಮವಲ್ಲ. ಹಸಿ ಶುಂಠಿಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ; ಅದಕ್ಕೆ ಖಾರ ಕೊಡುವ ಜಿಂಜರಾಲ್ ಎಂಬ ಅಂಶವು ಒಣಗುವಾಗ ಭಾಗಶಃ ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಮಾರ್ಪಡುತ್ತದೆ. ಇದರ ಪರಿಣಾಮವನ್ನು ಚಮಚದಲ್ಲೇ ಕಾಣಬಹುದು. ತೋರುಬೆರಳಿನ ತುದಿಯ ಗಿಣ್ಣಿನಷ್ಟು ಹಸಿ ಶುಂಠಿ ಸುಮಾರು 5 ಗ್ರಾಂ ತೂಗುತ್ತದೆ, ಜಜ್ಜಿದರೆ ಒಂದು ಟೀ ಚಮಚದಷ್ಟಾಗುತ್ತದೆ, ಮತ್ತು ಒಣಗಿಸಿದರೆ 1 ಗ್ರಾಂ ಮಾತ್ರ ಉಳಿಯುತ್ತದೆ. ಆದರೆ ಒಣ ಶುಂಠಿಯ ಪುಡಿ ಒಂದು ಟೀ ಚಮಚಕ್ಕೆ ಸುಮಾರು 2 ಗ್ರಾಂ ಹಿಡಿಯುತ್ತದೆ. ಹಸಿಯದು ಮನೆಯಲ್ಲಿಲ್ಲವೆಂದು ಅದೇ ಚಮಚದಲ್ಲಿ ಪುಡಿಯನ್ನು ಹಾಕಿದವರು, ತಮಗರಿವಿಲ್ಲದೆಯೇ ಮದ್ದನ್ನು ಇಮ್ಮಡಿಗೊಳಿಸಿ, ಖಾರದ ಲೆಕ್ಕದಲ್ಲಿ ಅದಕ್ಕೂ ಮೀರಿಸಿರುತ್ತಾರೆ. ಹೊಸಬರ ಪಟ್ಟಿಗಳಲ್ಲಿ ಬಹುಪಾಲು ಈ ಒಂದು ವಾಕ್ಯವನ್ನು ಹೇಳುವುದೇ ಇಲ್ಲ. ಅದಿಲ್ಲದಿದ್ದರೆ ಶುಂಠಿಯ ಪಾಠವೇ ಅಪೂರ್ಣ.

ಶುಂಠಿಯ ಇನ್ನೊಂದು ಹೆಚ್ಚುಗಾರಿಕೆಯೆಂದರೆ, ಅದರ ಬಳಕೆಗೆ ಪರೀಕ್ಷೆಗೊಳಗಾದ ಅಳತೆಯೊಂದು ದೊರೆಯುತ್ತದೆ. ಬಸುರಿಯರ ವಾಕರಿಕೆಯ ಮೇಲೆ ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿಯನ್ನು ನಾಲ್ಕು ಪಾಲು ಮಾಡಿ ಕೊಟ್ಟು, ವಾಕರಿಕೆ ತಗ್ಗುವುದನ್ನು ಕಾಣಲಾಗಿದೆ. ಅಂದರೆ ದಿನವಿಡೀ ಸೇರಿ ಬೇಕಾದದ್ದು ಅದೇ ಒಂದು ಗಿಣ್ಣಿನಷ್ಟು ಹಸಿ ಶುಂಠಿ. ಅದನ್ನು ಜಜ್ಜಿ, ಎರಡು ಲೋಟ ನೀರಿನಲ್ಲಿ ಹತ್ತು ನಿಮಿಷ ಮುಚ್ಚಿ ಕುದಿಸಿ, ನಾಲ್ಕು ಸಲ ಅರ್ಧರ್ಧ ಲೋಟದಂತೆ ಗುಟುಕರಿಸಿದರೆ ಪ್ರಯೋಗದ ಅಳತೆಗೆ ಹತ್ತಿರವಾದ ಅಳತೆಯೇ ಆಗುತ್ತದೆ. ಆದರೂ ಗರ್ಭಿಣಿಯು ತನ್ನ ವೈದ್ಯರಿಗೆ ಹೇಳಿಯೇ ಇದನ್ನು ತೆಗೆದುಕೊಳ್ಳಬೇಕು, ಮತ್ತು ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದಾಗ ಅದು ಶುಂಠಿಯ ಕೈಮೀರಿದ ಸ್ಥಿತಿಯೆಂದು ತಿಳಿಯಬೇಕು. ಅಳತೆ ಮೀರಿದುದರ ಮೊದಲ ಗುರುತು ಎದೆಯುರಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮೊದಲಾದ ಔಷಧಿ ಸೇವಿಸುವವರು ಶುಂಠಿಯನ್ನು ಊಟದ ಅಳತೆಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಅರಿಶಿನಕ್ಕೆ ಬಂದಾಗ ಪಟ್ಟಿಗಳ ವಿವರಣೆ ದಾರಿ ತಪ್ಪುತ್ತದೆ. ಅರಿಶಿನದ ಜೊತೆ ಚಿಟಿಕೆ ಮೆಣಸು ಸೇರಿಸಿದರೆ ಅದರ ಗುಣ ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಇದರ ಮೂಲ ಬೆಂಗಳೂರಿನಲ್ಲೇ ಇದೆಯೆಂಬುದು ಕನ್ನಡ ಓದುಗರಿಗೆ ತಿಳಿದಿರಬೇಕಾದ ಸಂಗತಿ: ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ 2 ಗ್ರಾಮಿನೊಡನೆ ಮೆಣಸಿನ ಖಾರದ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ದಷ್ಟು ಹೆಚ್ಚಿತು. ಅಧ್ಯಯನವು ಹೇಳಿದ್ದು ಸತ್ವಗಳ ವಿಷಯವನ್ನು. ಜನರ ಬಾಯಿಗೆ ಬರುವಷ್ಟರಲ್ಲಿ ಅದು ಪುಡಿಯ ವಿಷಯವಾಯಿತು.

ಈ ಅಂತರವನ್ನು ಒಂದು ಲೋಟ ಅರಿಶಿನದ ಹಾಲಿನ ಮೇಲೆ ಲೆಕ್ಕ ಹಾಕಿ ನೋಡಬಹುದು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಹಾಲಿಗೆ ಹಾಕುವ ಅರ್ಧ ಟೀ ಚಮಚ ಪುಡಿ ಸುಮಾರು ಒಂದೂವರೆ ಗ್ರಾಂ ತೂಗುವುದರಿಂದ ಅದರಲ್ಲಿ ದೊರೆಯುವ ಸತ್ವ 45 ಮಿಲಿಗ್ರಾಂ ಮಾತ್ರ. ಅಧ್ಯಯನದಲ್ಲಿ ಒಮ್ಮೆಗೆ ಕೊಟ್ಟಷ್ಟು ಸಿಗಬೇಕಾದರೆ ಅಂತಹ ನಲವತ್ತಕ್ಕೂ ಹೆಚ್ಚು ಲೋಟ ಹಾಲು ಬೇಕು. ಮೆಣಸಿನ ಕಥೆ ಇದಕ್ಕೆ ತದ್ವಿರುದ್ಧ. ಒಳ್ಳೆಯ ಮೆಣಸಿನಲ್ಲಿ ಪೈಪರಿನ್ ಶೇ. 5ರಷ್ಟು ಇರುವುದರಿಂದ ಅಧ್ಯಯನದ 20 ಮಿಲಿಗ್ರಾಂ ಎಂಟು ಹತ್ತು ಕಾಳುಗಳಲ್ಲೇ ಸಿಕ್ಕಿಬಿಡುತ್ತದೆ. ಹೀಗೆ ಮನೆಯ ಲೋಟದಲ್ಲಿ ಅರಿಶಿನದ ಪಾಲು ಅತ್ಯಲ್ಪವೂ ಮೆಣಸಿನ ಪಾಲು ಔಷಧದ ಮಟ್ಟಕ್ಕೆ ಹತ್ತಿರವೂ ಆಗಿರುತ್ತದೆ. ಜೊತೆಗೆ, ಇಪ್ಪತ್ತು ಪಟ್ಟು ಎಂಬ ಅಂಕಿ ದೊಡ್ಡದಾಗಿ ಕಾಣುವುದು ಮೆಣಸಿಲ್ಲದಾಗ ರಕ್ತದಲ್ಲಿ ಕಂಡ ಕರ್ಕ್ಯುಮಿನ್ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಎಂಬುದನ್ನೂ ಮರೆಯುವಂತಿಲ್ಲ.

ಪೈಪರಿನ್ ಸೇರಿಸುವುದು ಅರಿಶಿನಕ್ಕೆ ಮಾತ್ರ ಬಾಗಿಲು ತೆರೆಯುವ ಉಪಾಯವಲ್ಲ. ಹೊರಗಿನ ವಸ್ತುಗಳನ್ನು ಕರುಳು ಮತ್ತು ಯಕೃತ್ತುಗಳು ಒಡೆದು ಹೊರಹಾಕುವ ಕೆಲಸವನ್ನು ಅದು ತಡೆಯುವುದರಿಂದ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮುಂತಾದ ಔಷಧಿಗಳ ಮಟ್ಟವೂ ರಕ್ತದಲ್ಲಿ ಏರಬಹುದು. ಅಂತಹ ಮಾತ್ರೆ ನುಂಗುವ ಹಿರಿಯರಿಗೆ ಮನೆಯವರು ಪ್ರೀತಿಯಿಂದ ದಿನಕ್ಕೆ ಮೂರು ಸಲ ಮೆಣಸಿನ ಕಷಾಯ ಕೊಡುವಾಗ, ಆ ಮಾತ್ರೆಯ ಹೆಸರು ಗೊತ್ತಿರಬೇಕಾದದ್ದು ಮೆಣಸು ಎಷ್ಟು ಕಾಳು ಎಂಬುದಕ್ಕಿಂತ ಮುಖ್ಯ. ಅರಿಶಿನದ ಹಾಲು ಸಾಲದೆಂದು ಸತ್ವದ ಗುಳಿಗೆಗಳಿಗೆ ಹೋದವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾದವು; ಗುಳಿಗೆಯ ಹಾದಿ ಅಡುಗೆಮನೆಯ ಹಾದಿಯ ಮುಂದುವರಿಕೆಯಲ್ಲವೆಂದು ಪಟ್ಟಿ ಬರೆಯುವವರು ಸ್ಪಷ್ಟವಾಗಿ ಹೇಳಲೇಬೇಕು. ಹೀಗೆಂದ ಮಾತ್ರಕ್ಕೆ ಹಾಲಿನ ಲೋಟವನ್ನು ಕೈಬಿಡಬೇಕಿಲ್ಲ. ಕೆಮ್ಮುವ ಗಂಟಲಿಗೆ ಅದರಿಂದ ಸಿಗುವ ಹಿತ ನಿಜವಾದುದು. ಆ ಹಿತದಲ್ಲಿ ಬಿಸಿಗೂ ಹಾಲಿನ ಜಿಡ್ಡಿಗೂ ಇರುವ ಪಾಲನ್ನು ಒಪ್ಪಿಕೊಂಡರೆ ಸಾಕು.

ಅರಿಶಿನದ ಬಗೆಗೆ ಇನ್ನೊಂದು ಪಾಠ ಅಂಗಡಿಯಲ್ಲಿದೆ. ಬಣ್ಣ ಹೊಳೆಯಲೆಂದು ಕೊಂಬಿಗೆ ಸೀಸದ ಕ್ರೋಮೇಟ್ ಎಂಬ ವಿಷಕಾರಿ ಹಳದಿಯನ್ನು ಬಳಿಯುವ ದುಷ್ಟ ರೂಢಿ ಬಾಂಗ್ಲಾದೇಶದಲ್ಲಿ ಪತ್ತೆಯಾದದ್ದಲ್ಲದೆ ಭಾರತದಲ್ಲೂ ಕಂಡುಬಂದಿದೆ. ಗಾಜಿನ ಲೋಟದ ನೀರಿಗೆ ಅರಿಶಿನದ ಕೊಂಬನ್ನು ಹಾಕಿದೊಡನೆ ಗಾಢ ಹಳದಿ ಬಣ್ಣ ಬಿಟ್ಟುಕೊಂಡರೆ ಅದನ್ನು ಸಂಶಯಿಸಬೇಕು. ಶುದ್ಧ ಕೊಂಬು ಹಾಗೆ ಬಣ್ಣ ಬಿಡುವುದಿಲ್ಲ. ದಿನವೂ ಮಗುವಿಗೆ ಕುಡಿಸುವ ಹಾಲಿನಲ್ಲಿ ಸೀಸ ಸೇರಿದರೆ ಅದರ ಹಾನಿ ಮಗುವಿನ ಮಿದುಳಿಗಾಗುವುದರಿಂದ, ಈ ಪರೀಕ್ಷೆ ಗುಣವರ್ಣನೆಗಿಂತ ಮೊದಲು ಬರಬೇಕಾದದ್ದು.

ಚಕ್ಕೆಯನ್ನು ಮಾತ್ರ ಪಟ್ಟಿಯಿಂದ ತೆಗೆಯುವುದೇ ಸರಿ. ಚಕ್ಕೆ, ದಾಲ್ಚಿನ್ನಿ ಎಂಬ ಹೆಸರುಗಳಲ್ಲಿ ಎರಡು ಬಗೆಯ ತೊಗಟೆಗಳು ಮಾರಾಟವಾಗುತ್ತವೆ: ಕಾಗದದಷ್ಟು ತೆಳುವಾದ ಪದರಗಳು ಸುರುಳಿಯೊಳಗೆ ಸುರುಳಿಯಾಗಿ, ಬೆರಳಿಗೆ ಪುಡಿಯಾಗುವಂಥದು ಸಿಂಹಳದ ದಾಲ್ಚಿನ್ನಿ, ದಪ್ಪನೆಯ, ಒಂದೇ ಪದರದ, ಮುರಿಯಲು ಬಲ ಬೇಕಾಗುವ ತೊಗಟೆ ಕ್ಯಾಸಿಯಾ. ಅಗ್ಗವಾಗಿ ಹೆಚ್ಚಾಗಿ ಸಿಗುವ ಕ್ಯಾಸಿಯಾದಲ್ಲಿ ಕೂಮರಿನ್ ಎಂಬ, ಕೆಲವರ ಯಕೃತ್ತಿಗೆ ಹಾನಿಕರವಾದ ಅಂಶ ಒಂದು ಗ್ರಾಮಿಗೆ ಸುಮಾರು 3 ಮಿಲಿಗ್ರಾಂವರೆಗೂ ಇರಬಹುದು, ಕೆಲವೊಮ್ಮೆ ಅದನ್ನೂ ಮೀರಬಹುದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ನಿಗದಿಪಡಿಸಿದ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ, ಎಂದರೆ 50 ಕಿಲೋ ತೂಕದವರಿಗೆ 5 ಮಿಲಿಗ್ರಾಂ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ದಿನಕ್ಕೊಂದು ಚಮಚ ಚಕ್ಕೆಪುಡಿ ತಿನ್ನುವವರು ಈ ಮಿತಿಯನ್ನು ನಿತ್ಯವೂ ದಾಟುತ್ತಿರಬಹುದು. ಪುಡಿಯಾದ ಮೇಲೆ ಎರಡರ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ, ಮತ್ತು ತಿಳಿಯದ ವಸ್ತುವಿನಿಂದ ಕಲಿಕೆ ಆರಂಭಿಸಬಾರದು. ಬಿರಿಯಾನಿಯಲ್ಲಿ ಒಂದು ಚೂರು ಹಾಕುವುದಕ್ಕೆ ಈ ಆಕ್ಷೇಪವಿಲ್ಲ.

ಆ ತೆರವಾದ ಜಾಗಕ್ಕೆ ಓಮ ತಕ್ಕುದಾದರೂ, ಜೀರಿಗೆಯ ಪಾಠವನ್ನು ಮುಗಿಸಿದ ಮೇಲೆಯೇ ಅದಕ್ಕೆ ಹೋಗುವುದು ಒಳಿತು. ಏಕೆಂದರೆ ಎರಡರಲ್ಲೂ ಕೆಲಸ ಮಾಡುವುದು ಆವಿಯಾಗಿ ಹೋಗುವ ಪರಿಮಳದ ಎಣ್ಣೆ. ಶುಂಠಿಯ ಖಾರ ಕುದಿತವನ್ನು ತಾಳುತ್ತದೆ, ಜೀರಿಗೆಯ ಪರಿಮಳ ತಾಳುವುದಿಲ್ಲ. ಕುದಿಸಿ ಬತ್ತಿಸುವ ಕ್ವಾಥ ಮತ್ತು ಬಿಸಿನೀರಿನಲ್ಲಿ ನೆನೆಸಿ ಸೋಸುವ ಫಾಂಟ ಎಂಬ ಎರಡು ಕ್ರಮಗಳನ್ನು ಆಯುರ್ವೇದ ಬೇರ್ಪಡಿಸಿದ್ದರೂ ಇಂದಿನ ಮಾತಿನಲ್ಲಿ ಎರಡೂ ಕಷಾಯವೇ ಆಗಿ, ಜೀರಿಗೆಯನ್ನೂ ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಬತ್ತಿಸುವುದು ಸಾಮಾನ್ಯವಾಗಿದೆ. ಆಗ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಕಹಿ ಉಳಿಯುತ್ತದೆ. ಒಂದು ಟೀ ಚಮಚ ಜೀರಿಗೆಯನ್ನು ತರಿತರಿಯಾಗಿ ಕುಟ್ಟಿ, ಕುದಿಸಿ ಇಳಿಸಿದ ಒಂದು ಲೋಟ ನೀರಿಗೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ, ತಟ್ಟೆಯ ಒಳಮೈಯಲ್ಲಿ ನಿಂತ ಹನಿಗಳಲ್ಲೇ ಅದರ ವಾಸನೆ ಗಾಢವಾಗಿ ಬರುತ್ತದೆ. ಆ ಹನಿಗಳನ್ನು ಲೋಟಕ್ಕೇ ಕೊಡವಬೇಕು. ಊಟದ ನಂತರದ ಹೊಟ್ಟೆಯುಬ್ಬರಕ್ಕೆ ಇಷ್ಟು ಸಾಕು. ಕುಟ್ಟುವ ಮುನ್ನ ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕಪ್ಪು ಅಂಟಿದರೆ, ಇದ್ದಿಲ ಪುಡಿ ಬಳಿದ ಹುಲ್ಲಿನ ಬೀಜ ಸೇರಿದೆಯೆಂದು ತಿಳಿಯಬೇಕು.

ಜೀರಿಗೆಯ ಈ ಸೌಮ್ಯ ನೀರನ್ನೂ ಓಮದ ನೀರನ್ನೂ ಆರು ತಿಂಗಳು ತುಂಬದ ಕೂಸಿಗೆ ಹೊಟ್ಟೆನೋವೆಂದು ಕುಡಿಸುವ ರೂಢಿ ನಮ್ಮಲ್ಲಿ ಪ್ರಬಲವಾಗಿದ್ದು, ಎದೆಹಾಲಿನ ಹೊರತು ನೀರನ್ನೂ ಕೊಡಬಾರದ ಆ ವಯಸ್ಸಿನಲ್ಲಿ ಅದು ಸಲ್ಲದು. ಅದಕ್ಕೆ ಜೇನುತುಪ್ಪ ಬೆರೆಸುವುದಂತೂ, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬಾಟುಲಿಸಮ್ ಎಂಬ ನರಗಳನ್ನು ನಿಷ್ಕ್ರಿಯಗೊಳಿಸುವ ರೋಗಕ್ಕೆ ಎಡೆಯಾಗಬಹುದಾದ ಕಾರಣ, ಪೂರ್ಣವಾಗಿ ನಿಷಿದ್ಧ.

ಕೊನೆಯ ಆಕ್ಷೇಪ ಐದನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸುವ ಸಲಹೆಯ ಬಗೆಗೆ. ಹಾಗೆ ಮಾಡಿ ಕುಡಿದ ಮೂರನೆಯ ದಿನ ಎದೆಯುರಿ ಬಂದರೆ ಅದು ಶುಂಠಿಯದೋ ಮೆಣಸಿನದೋ ಎಂದು ಹೇಳಲಾಗದು, ನೆಗಡಿ ಇಳಿದರೆ ಅದಕ್ಕೆ ಯಾವುದು ಕಾರಣವೆಂದೂ ತಿಳಿಯದು. ಮೊದಲ ಎರಡು ವಾರ ಹಸಿ ಶುಂಠಿಯೊಂದನ್ನೇ, ದಿನಕ್ಕೆ ಒಂದು ಗಿಣ್ಣಿನ ಅಳತೆಯಲ್ಲಿ, ಬೇಕೆನಿಸಿದಾಗ ಮಾತ್ರ ಬಳಸಿ, ಎಷ್ಟು ಹೊತ್ತಿಗೆ ಏನಾಯಿತೆಂದು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಜೀರಿಗೆಗೆ ಹೋಗುವವರಿಗೆ ಈ ಗೊಂದಲ ಇರುವುದಿಲ್ಲ.