ತಾಲ್ಲೂಕು ಸುದ್ದಿಯ ಕೊನೆಯ ಸಾಲು

ವರದಿ, ಸಂಪಾದಕೀಯ, ಅಂಕಣ ಮೂರೂ ಒಂದೇ ಸಂಗತಿಯನ್ನು ಎತ್ತಿಕೊಳ್ಳಬಹುದು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಬಸವನ ಬಾಗೇವಾಡಿ ಭಾಗದ ಓದುಗರು ಎದುರು ನೋಡುತ್ತಿದ್ದ ಸುದ್ದಿ ಅದು.

ವರದಿಯಲ್ಲಿ ಈ ತೀರ್ಮಾನ ಮೊದಲ ಪ್ಯಾರಾದಲ್ಲೇ ಬರುತ್ತದೆ. ಆಮೇಲೆ ಸಚಿವರ ಹೇಳಿಕೆ, ಸಂತ್ರಸ್ತರ ಪ್ರತಿಕ್ರಿಯೆ, ಕೊನೆಗೆ ಹಿನ್ನೆಲೆ. ಜಾಗ ಸಾಲದಿದ್ದರೆ ಪುಟ ಕಟ್ಟುವವರು ಕೆಳಗಿನಿಂದ ಕತ್ತರಿಸುತ್ತಾರೆ. ಆದರೂ ಸುದ್ದಿ ಉಳಿಯಬೇಕು.

ಸಂಪಾದಕೀಯಕ್ಕೆ ಬರೆದವರ ಹೆಸರಿಲ್ಲ. ಅದು ಪತ್ರಿಕೆಯ ನಿಲುವು. ತೀರ್ಮಾನವನ್ನು ಎರಡು ವಾಕ್ಯದಲ್ಲಿ ನೆನಪಿಸಿ, ದರ ನ್ಯಾಯವೇ ಎಂದು ವಾದಿಸುತ್ತದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 2010ರ ತೀರ್ಪು ಇನ್ನೂ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ ಎಂಬ ಅಡ್ಡಿಯನ್ನೂ, ಪ್ರವಾಹದ ಭಯ ಮುಂದಿಡುವ ಮಹಾರಾಷ್ಟ್ರದ ಆಕ್ಷೇಪವನ್ನೂ ತೂಗಿ, ಯಾರು ಏನು ಮಾಡಬೇಕೆಂದು ಹೇಳಿ ಮುಗಿಯುತ್ತದೆ. ಎದುರುವಾದವನ್ನು ಮುಟ್ಟದ ಸಂಪಾದಕೀಯ ಬರೀ ಬೇಡಿಕೆ ಪತ್ರ.

ಅಂಕಣಕ್ಕೆ ಹೆಸರಿದೆ, ಹೊಣೆಯೂ ಆ ಹೆಸರಿನದೇ. ಅದು ಮುಳುಗಿದ ಊರಿನ ನೆನಪಿನಿಂದಲೂ ಶುರುವಾಗಬಹುದು. ಸ್ವಾತಂತ್ರ್ಯವಿರುವುದು ದನಿಗೆ, ಅಂಕಿಅಂಶಕ್ಕಲ್ಲ.

ವರದಿಗೂ ಅಭಿಪ್ರಾಯಕ್ಕೂ ನಡುವಿನ ಗೆರೆ ಹೆಚ್ಚಾಗಿ ಅಳಿಸಿಹೋಗುವುದು ತಾಲ್ಲೂಕು ಪುಟದಲ್ಲಿ. ಇಂಡಿ ಶಾಖಾ ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪದ ವರದಿಯೊಂದನ್ನು ಊಹಿಸಿಕೊಂಡರೆ ಅದರ ವಾಕ್ಯಗಳು ಹೀಗಿರುತ್ತವೆ: ‘ಅಧಿಕಾರಿಗಳ ನಿರ್ಲಕ್ಷ್ಯದಿಂದ ಅನ್ನದಾತ ಕಂಗಾಲಾಗಿದ್ದಾನೆ. ಸಾರ್ವಜನಿಕರು ಹಿಡಿಶಾಪ ಹಾಕುತ್ತಿದ್ದಾರೆ. ಇನ್ನಾದರೂ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳುವರೇ, ಕಾದು ನೋಡಬೇಕಿದೆ.’ ‘ನಿರ್ಲಕ್ಷ್ಯ’ ಯಾರ ಮಾತೆಂದು ತಿಳಿಯದು. ‘ಸಾರ್ವಜನಿಕರು’ ಎಂದರೆ ಒಬ್ಬರೋ ನೂರು ಜನವೋ ಗೊತ್ತಾಗದು. ಕೊನೆಯ ಸಾಲಂತೂ ಸಂಪಾದಕೀಯದ್ದು. ಅದು ವರದಿಯೊಳಗೆ ಸೇರಿಕೊಂಡಿದೆ. ಬಿಡಿವರದಿಗಾರನ ಕಳಕಳಿ ನಿಜವೇ ಇರಬಹುದು. ಆದರೆ ಇಂಥ ವರದಿಯನ್ನು ನೀರಾವರಿ ಇಲಾಖೆ ‘ಆಧಾರವಿಲ್ಲದ್ದು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತದೆ, ನಷ್ಟವಾಗುವುದು ರೈತನಿಗೆ.

ಅದೇ ವರದಿಯಲ್ಲಿ ಕಾಲುವೆಗೆ ನೀರು ಬಿಟ್ಟ ದಿನ, ನೀರು ನಿಂತ ಹಳ್ಳಿ, ಒಣಗಿದ ತೊಗರಿಯ ಎಕರೆ, ಹೆಸರು ಹೇಳಿದ ಇಬ್ಬರು ರೈತರು, ಎಂಜಿನಿಯರ್ ಕೊಟ್ಟ ಉತ್ತರ ಇದ್ದರೆ ‘ನಿರ್ಲಕ್ಷ್ಯ’ ಎಂಬ ಪದ ಬೇಕಾಗುವುದಿಲ್ಲ. ಎಂಜಿನಿಯರ್ ಸಿಗದಿದ್ದರೆ, ಕರೆ ಮಾಡಿದರೂ ಉತ್ತರಿಸಲಿಲ್ಲ ಎಂದು ಬರೆದರೆ ಸಾಕು. ಕ್ರಿಯಾಪದದಲ್ಲೂ ಅಭಿಪ್ರಾಯ ನುಸುಳುತ್ತದೆ: ‘ಹೇಳಿದರು’ ಎಂಬುದರ ಬದಲು ‘ಒಪ್ಪಿಕೊಂಡರು’ ಎಂದರೆ ತಪ್ಪು ಸಾಬೀತಾದಂತೆ, ‘ನುಣುಚಿಕೊಂಡರು’ ಎಂದರೆ ತೀರ್ಪನ್ನೇ ಕೊಟ್ಟಂತೆ. ಸಿಂದಗಿಯ ಓದುಗ ಅನುಮಾನ ಬಂದ ವಾಕ್ಯಕ್ಕೆಲ್ಲ ‘ಹೀಗೆಂದವರು ಯಾರು?’ ಎಂದು ಕೇಳಿಕೊಳ್ಳಬಹುದು. ವರದಿಯಾದರೆ ಉತ್ತರ ಅದರೊಳಗೇ ಇರಬೇಕು.