ಒಂಬತ್ತರ ಶೇಷ

ನಮ್ಮಲ್ಲಿ ಮಾರಾಟವಾಗುವ ಸಂಖ್ಯಾಶಾಸ್ತ್ರದ ಎಷ್ಟೋ ಕೈಪಿಡಿಗಳ ಮೇಲೆ ಕೀರೋನ ಋಣವಿದೆ. ಐರ್ಲೆಂಡಿನ ಈ ಹಸ್ತಸಾಮುದ್ರಿಕ (1866–1936) ತನ್ನ ಪದ್ಧತಿ ಪ್ರಾಚೀನ ಕ್ಯಾಲ್ಡಿಯನ್ನರದು ಎಂದ. ಆದರೆ ಅವನ ಪಟ್ಟಿಯಲ್ಲಿ 4ಕ್ಕೆ ಯುರೇನಸ್, 7ಕ್ಕೆ ನೆಪ್ಚೂನ್ ಅಧಿಪತಿಗಳು. ಮೊದಲನೆಯದು ಪತ್ತೆಯಾದದ್ದು 1781ರಲ್ಲಿ, ಎರಡನೆಯದು 1846ರಲ್ಲಿ. ನಮ್ಮವರು ಆ ಜಾಗದಲ್ಲಿ ರಾಹುಕೇತುಗಳನ್ನು ಕೂರಿಸಿ ಮುಜುಗರ ತಪ್ಪಿಸಿಕೊಂಡರು. ಪ್ರಾಚೀನತೆಯ ಮಾತು ಅಷ್ಟಕ್ಕಿರಲಿ, ನೋಡಬೇಕಾದ್ದು ಲೆಕ್ಕವನ್ನು.

ಕುವೆಂಪು ಹುಟ್ಟಿದ್ದು 29-12-1904ರಂದು. ತಾರೀಖಿನ ಅಂಕಿಗಳನ್ನಷ್ಟೇ ಕೂಡಿದರೆ 2+9=11, ಮತ್ತೆ 1+1=2: ಇದು ಮೂಲಾಂಕ. ದಿನ, ತಿಂಗಳು, ವರ್ಷದ ಎಲ್ಲ ಅಂಕಿಗಳನ್ನೂ ಕೂಡಿದರೆ 28, ಅದರಿಂದ 10, ಅದರಿಂದ 1: ಇದು ಭಾಗ್ಯಾಂಕ. ಗೂಢವಾಗಿ ಕಾಣುವ ಈ ಕೂಡಾಟ ಮಾಡುವುದು ಒಂದೇ ಕೆಲಸ, 9ರಿಂದ ಭಾಗಿಸಿ ಶೇಷ ಹುಡುಕುವುದು. (ಶೇಷ ಸೊನ್ನೆಯಾದರೆ 9 ಎನ್ನಬೇಕು.) 29ನ್ನು 9ರಿಂದ ಭಾಗಿಸಿದರೂ ಉಳಿಯುವುದು 2. ಆದ್ದರಿಂದಲೇ 2, 11, 20, 29ರಂದು ಹುಟ್ಟಿದವರೆಲ್ಲ ಒಂದೇ ಪಂಕ್ತಿಯವರು. ಇಲ್ಲಿ 9ಕ್ಕೆ ಈ ಗೌರವ ಸಿಕ್ಕಿರುವುದು ನಾವು ಹತ್ತರ ಮಾನದಲ್ಲಿ ಎಣಿಸುವುದರಿಂದ, ಗ್ರಹಗಳ ದೆಸೆಯಿಂದಲ್ಲ. ಬಾಬಿಲೋನಿನ ಗಣಿತಜ್ಞರು 60ರ ಮಾನದಲ್ಲಿ ಬರೆಯುತ್ತಿದ್ದರು; ಆ ಮಾನದಲ್ಲಿ 29 ಎಂಬುದು ಒಂದೇ ಸ್ಥಾನದ ಸಂಖ್ಯೆ, ಕೂಡಿ ಇಳಿಸಲು ಅದರಲ್ಲಿ ಏನೂ ಇಲ್ಲ.

ಇಲ್ಲಿ ವಿಚಾರವಾದಿ ಮಿತ್ರರೊಡನೆಯೂ ನನಗೆ ತಕರಾರಿದೆ. 'ಎಲ್ಲ ಕಾಕತಾಳೀಯ' ಎಂದು ನಕ್ಕು ಅವರು ಎದ್ದು ಹೋಗುತ್ತಾರೆ. ಫಲ ತಾಳೆಯಾಗುವುದನ್ನು ಕಣ್ಣಾರೆ ಕಂಡವನಿಗೆ ಅದು ಉತ್ತರವೇ ಅಲ್ಲ. ತಾಳೆಯಾಗುತ್ತದೆ, ನಿಜ, ಹೇಗೆ ಎಂಬುದನ್ನು ತೋರಿಸಬೇಕು. ಮೂಲಾಂಕ, ಭಾಗ್ಯಾಂಕ, ನಾಮಾಂಕ ಎಂದು ಮೂರು ಸಂಖ್ಯೆಗಳಿದ್ದರೆ, ಬೇಕಾದ ಅಂಕಿ ಅವುಗಳಲ್ಲಿ ಒಂದಾದರೂ ಆಗಿರುವ ಸಂಭವ, ಒಂಬತ್ತೂ ಸಮಸಮವೆಂದುಕೊಂಡರೆ, ಸುಮಾರು ಶೇ. 30. ಸಾಲದ್ದಕ್ಕೆ 11ನ್ನು ಕೆಲವರು ಮಹಾಸಂಖ್ಯೆ ಎಂದು ಇಳಿಸದೆ ಬಿಡುತ್ತಾರೆ, ಕೆಲವರು ಇಳಿಸುತ್ತಾರೆ. ಮಿತ್ರಸಂಖ್ಯೆ, ಶತ್ರುಸಂಖ್ಯೆಗಳು ಬೇರೆ.

ಕುವೆಂಪು ಅವರನ್ನೇ ನೋಡಿ. 2 ಚಂದ್ರನದು, ಕಲ್ಪನೆಯ ಕಾರಕ: ಕವಿ. 1 ಸೂರ್ಯನದು, ಅಧಿಕಾರ: ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಎರಡೂ ಹೊಂದಿದವು, ಭಕ್ತರು ತಲೆದೂಗಬಹುದು. ಈಗ ತಾರೀಖು ಬಿಟ್ಟು ಪಂಚಾಂಗ ಹಿಡಿಯೋಣ. ಅಂದು ಮಾರ್ಗಶಿರ ಬಹುಳ ಸಪ್ತಮಿ. ಸಪ್ತಮಿಯ 7 ಕೇತುವಿನದು, ಅನುಭಾವ: ರಾಮಕೃಷ್ಣ-ವಿವೇಕಾನಂದರ ಭಕ್ತ. ಪಾಡ್ಯದಿಂದ ಎಣಿಸಿದರೆ ಅದೇ ತಿಥಿ 22ನೆಯದು, ಇಳಿಸಿದರೆ 4, ರಾಹು, ಬಂಡಾಯ: ಪುರೋಹಿತಶಾಹಿಯ ವಿರೋಧಿ. ಒಬ್ಬನೇ ಮನುಷ್ಯ, ಒಂದೇ ಹಗಲು, ನಾಲ್ಕು ಸಂಖ್ಯೆ, ನಾಲ್ಕೂ ಸರಿ. ಹೊಂದದ ಸಂಖ್ಯೆ ಯಾವುದೆಂದು ಕೈಪಿಡಿಗಳು ಎಲ್ಲಿಯೂ ಮೊದಲೇ ಹೇಳಿಡುವುದಿಲ್ಲ.