ಬೆವರುವ ಟ್ಯಾಂಕಿಗೆ ಯಾವ ಹೊದಿಕೆ?

ನ್ಯೂಜೆರ್ಸಿಯಲ್ಲಿ ಸ್ವಂತ ಬೋರ್‌ವೆಲ್ ಇರುವ ಮನೆ ಕೊಂಡ ಕನ್ನಡಿಗರನ್ನು ಮೊದಲ ಜುಲೈ ತಿಂಗಳಲ್ಲೇ ಕಾಡುವ ಒಂದು ತಾಪತ್ರಯವಿದೆ. ಶೌಚಾಲಯದ ಫ್ಲಶ್ ಟ್ಯಾಂಕಿನ ಮೈಯೆಲ್ಲ ಹನಿಗಟ್ಟಿ, ನೀರು ಇಳಿದು, ಕೆಳಗಿನ ಹಲಗೆ ನೆಲ ಕಪ್ಪಾಗತೊಡಗುತ್ತದೆ. ನೆಲಮಾಳಿಗೆಗೆ ಇಳಿದರೆ ತಣ್ಣೀರಿನ ಪೈಪುಗಳೂ ಉದ್ದಕ್ಕೂ ತೊಟ್ಟಿಕ್ಕುತ್ತಿರುತ್ತವೆ. ಮಂಗಳೂರು, ಕುಂದಾಪುರಗಳ ಸೆಕೆಯಲ್ಲಿ ಬೆಳೆದವರಿಗೂ ಇದು ಹೊಸದು. ನಮ್ಮ ಕರಾವಳಿಯ ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ತೇವ ಇದ್ದರೂ ಅಲ್ಲಿನ ಫ್ಲಶ್ ಟ್ಯಾಂಕು ಬೆವರುವುದಿಲ್ಲ.

ವ್ಯತ್ಯಾಸ ಇರುವುದು ನೀರಿನಲ್ಲಿ. ಆಳದ ಅಂತರ್ಜಲದ ಉಷ್ಣತೆ ಸುಮಾರಾಗಿ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ. ಮಂಗಳೂರಿನಲ್ಲಿ ಅದು 27 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಮೇಲಾಗಿ ನೀರು ತಾರಸಿಯ ಟ್ಯಾಂಕಿನಲ್ಲಿ ಕೂತು ಬರುತ್ತದೆ. ನ್ಯೂಜೆರ್ಸಿಯಲ್ಲಿ ಹಿಮ ಬೀಳುವ ತಿಂಗಳುಗಳೂ ಆ ಸರಾಸರಿಯೊಳಗೆ ಸೇರುವುದರಿಂದ ಬೋರ್‌ವೆಲ್ ನೀರು 13 ಡಿಗ್ರಿಯ ಸುತ್ತ. ಮನೆಯೊಳಗಿನ ಗಾಳಿ 27 ಡಿಗ್ರಿ, ತೇವಾಂಶ ಶೇ. 70 ಎಂದಿಟ್ಟುಕೊಂಡರೆ ಅದರ ಇಬ್ಬನಿ ಬಿಂದು 21 ಡಿಗ್ರಿ. ಅಂದರೆ 21ಕ್ಕಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ಆ ಗಾಳಿ ನೀರು ಬಿಡುತ್ತದೆ. ಪಿಂಗಾಣಿ ಟ್ಯಾಂಕಿನ ಹೊರಮೈ ಆಗ 15 ಡಿಗ್ರಿಯಷ್ಟಿರುತ್ತದೆ. ಪಿಂಗಾಣಿ ಎಷ್ಟೇ ದಪ್ಪ ಕಂಡರೂ ಶಾಖ ತಡೆಯುವ ಕೆಲಸದಲ್ಲಿ ಅದು ಇದ್ದೂ ಇಲ್ಲದಂತೆ.

ಹೀಗಾಗಿ ಯಾವ ಪರಿಹಾರವನ್ನೇ ಆಗಲಿ ಒಂದೇ ಪ್ರಶ್ನೆ ಕೇಳಿ ತೂಗಬಹುದು. ತೇವದ ಗಾಳಿ ಮುಟ್ಟುವ ಮೈಯನ್ನು ಅದು ಇಬ್ಬನಿ ಬಿಂದುವಿಗಿಂತ ಮೇಲೆ ಇಡುತ್ತದೆಯೇ? ಅಂಗಡಿಯಲ್ಲಿ ಅತಿ ಸುಲಭವಾಗಿ ಸಿಗುವ ಪರಿಹಾರ ಈ ಪ್ರಶ್ನೆಯಲ್ಲೇ ನಪಾಸಾಗುತ್ತದೆ. ಅದು ಟವೆಲ್ ಬಟ್ಟೆಯ ಟ್ಯಾಂಕ್ ಕವರ್. ಬಚ್ಚಲ ಕಾಲೊರಸಿಗೆ ಹೊಂದುವ ಬಣ್ಣದಲ್ಲಿ, ಹೂವಿನ ಚಿತ್ತಾರದಲ್ಲಿ ಬರುತ್ತದೆ; ನೋಡಲು ಚೆಂದ. ಆದರೆ ಬಟ್ಟೆಯ ಎಳೆಗಳ ನಡುವೆ ಗಾಳಿ ಸಲೀಸಾಗಿ ನುಗ್ಗಿ ಪಿಂಗಾಣಿಯನ್ನು ಮುಟ್ಟುತ್ತದೆ, ನೀರು ಅಲ್ಲೇ ಹುಟ್ಟುತ್ತದೆ, ಬಟ್ಟೆ ಅದನ್ನು ಹೀರುತ್ತದೆ. ಎರಡು ದಿನ ಎಲ್ಲ ಸರಿಹೋದಂತೆ ಕಾಣುವುದು ಇದರಿಂದಲೇ. ಬಟ್ಟೆ ತೋಯ್ದು ತುಂಬಿದ ಮೇಲೆ ಅಂಚಿನಿಂದ ಹನಿ ಶುರು, ಜೊತೆಗೆ ಬೂಷ್ಟಿನ ವಾಸನೆ. ಟ್ಯಾಂಕಿನ ಕೆಳಗೆ ಇಡುವ ತಟ್ಟೆ ಇದಕ್ಕಿಂತ ಪ್ರಾಮಾಣಿಕ ವಸ್ತು. ಬೆವರು ನಿಲ್ಲಿಸುತ್ತೇನೆಂದು ಅದು ಹೇಳುವುದೇ ಇಲ್ಲ, ನೆಲ ಉಳಿಸುತ್ತದೆ ಅಷ್ಟೆ.

ಹೊದಿಕೆಯ ವಿಚಾರಕ್ಕೆ ಬರುವ ಮೊದಲು ಇದು ಬೆವರೋ ಸೋರಿಕೆಯೋ ಎಂದು ತಿಳಿಯಬೇಕು. ಟ್ಯಾಂಕಿನೊಳಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಹೊರಗಿನ ಹನಿಗೆ ಬಿಳಿ ಕಾಗದ ಒತ್ತಿದಾಗ ಬಣ್ಣ ಅಂಟಿದರೆ ಬೋಲ್ಟಿನ ವಾಷರ್ ಹೋಗಿದೆ ಅಥವಾ ಪಿಂಗಾಣಿ ಬಿರಿದಿದೆ. ಹನಿ ತಿಳಿಯಾಗಿದ್ದು ಕೆಳಗಿನ ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ, ಅಂದರೆ ಫ್ಲ್ಯಾಪರ್, ಸರಿಯಾಗಿ ಕೂರುತ್ತಿಲ್ಲ. ಈ ಎರಡನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುಸ್ಥಿತಿಯ ಟ್ಯಾಂಕಿನ ನೀರು ಬಳಸದೆ ಬಿಟ್ಟರೆ ನಾಲ್ಕೈದು ಗಂಟೆಯಲ್ಲಿ ಇಬ್ಬನಿ ಬಿಂದು ದಾಟುವಷ್ಟು ಬೆಚ್ಚಗಾಗುತ್ತದೆ, ಬೆವರು ತಾನೇ ನಿಲ್ಲುತ್ತದೆ. ಫ್ಲ್ಯಾಪರ್ ಸೋರುತ್ತಿದ್ದರೆ ಹೊಸ ತಣ್ಣೀರು ರಾತ್ರಿಯಿಡೀ ಸೇರುತ್ತಲೇ ಇರುತ್ತದೆ. ರಾತ್ರಿ ಯಾರೂ ಬಳಸದಿದ್ದರೂ ಬೆಳಿಗ್ಗೆ ಟ್ಯಾಂಕು ಹಸಿಯಾಗಿಯೇ ಇದ್ದರೆ ಮೊದಲ ಅನುಮಾನ ಆ ರಬ್ಬರಿನ ಮೇಲಿರಲಿ. ಅದನ್ನು ಬದಲಿಸದೆ ಹೊದಿಕೆಗೆ ಕೈಹಾಕುವುದು ದಂಡ.

ಸೋರಿಕೆ ಇಲ್ಲವೆಂದಾದರೆ ಮಿಕ್ಕವುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಟ್ಯಾಂಕಿನ ಒಳಗೆ ಫೋಮ್ ಹಾಳೆ ಅಂಟಿಸುವುದು. ಇಲ್ಲಿ ಪಿಂಗಾಣಿಯೇ ಗಾಳಿಗೆ ಅಡ್ಡಗೋಡೆ. ತೇವದ ಗಾಳಿ ಅದನ್ನು ದಾಟಿ ಬರಲಾರದು. ಫೋಮಿನ ಕೆಲಸ ತಣ್ಣೀರನ್ನು ಪಿಂಗಾಣಿಯಿಂದ ದೂರ ಇಡುವುದಷ್ಟೆ. ಮೇಲಿನ ಉದಾಹರಣೆಗೇ ಲೆಕ್ಕ ಹಾಕಿದರೆ, 5 ಮಿ.ಮೀ. ಫೋಮ್ ಹೊರಮೈಯನ್ನು 21 ಡಿಗ್ರಿಗೆ ತಂದು ನಿಲ್ಲಿಸುತ್ತದೆ, ಅಂದರೆ ಸರಿಯಾಗಿ ಗಡಿಯ ಮೇಲೆ. 10 ಮಿ.ಮೀ. ಹಾಕಿದರೆ 23ಕ್ಕೆ ಏರುತ್ತದೆ, ಟ್ಯಾಂಕು ಒಣಗಿರುತ್ತದೆ. ಮಳೆಯ ದಿನ ತೇವಾಂಶ ಶೇ. 80 ಮುಟ್ಟಿದಾಗ ಮಾತ್ರ 10 ಮಿ.ಮೀ. ಕೂಡ ಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಜಾಗವಿದ್ದರೆ 12 ಮಿ.ಮೀ. ಒಳ್ಳೆಯದು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಆಂಗಲ್ ಕಾಕ್ ಮುಚ್ಚಿ ಫ್ಲಶ್ ಮಾಡಿ, ತಳದಲ್ಲಿ ಉಳಿದ ನೀರನ್ನು ಸ್ಪಂಜಿನಿಂದ ತೆಗೆದು, ಒಳಗೋಡೆಯನ್ನು ಪೂರ್ತಿ ಒಣಗಿಸಬೇಕು. ಹೇರ್ ಡ್ರೈಯರ್ ಇದ್ದರೆ ಬೇಗ ಆಗುತ್ತದೆ. ಮುಚ್ಚಿದ ಕಣದ ಫೋಮನ್ನು ನಾಲ್ಕು ಗೋಡೆಗೂ ತಳಕ್ಕೂ ಅಳತೆಗೆ ಕತ್ತರಿಸಿ, ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲಕ್ಕೆ ಬರುವಂತೆ ಸಿಲಿಕೋನ್ ಅಂಟಿನಲ್ಲಿ ಕೂರಿಸಿ, ಒಂದು ದಿನ ಒಣಗಲು ಬಿಟ್ಟು ಆಮೇಲೆ ನೀರು ತುಂಬಬೇಕು. ಎಡವುವುದು ಹೆಚ್ಚಾಗಿ ಒಣಗಿಸುವ ಹಂತದಲ್ಲೇ. ಹಸಿ ಪಿಂಗಾಣಿಯ ಮೇಲೆ ಅಂಟಿಸಿದ ಹಾಳೆ ಕೆಲವು ತಿಂಗಳಲ್ಲಿ ಬಿಟ್ಟುಕೊಂಡು ತೇಲುತ್ತದೆ, ಫ್ಲೋಟಿಗೆ ತಡೆಯೊಡ್ಡುತ್ತದೆ, ಅದರ ಚೂರು ಫ್ಲ್ಯಾಪರ್ ಕೆಳಗೆ ಸಿಕ್ಕಿಕೊಂಡರೆ ಹೊಸ ಸೋರಿಕೆಯನ್ನೇ ಹುಟ್ಟಿಸುತ್ತದೆ.

ಈ ಪರಿಹಾರಕ್ಕೆ ಒಂದು ಬೆಲೆಯೂ ಇದೆ, ಕಿಟ್ ಮಾರುವವರು ಅದನ್ನು ದೊಡ್ಡದಾಗಿ ಹೇಳುವುದಿಲ್ಲ. ಫೋಮ್ ಜಾಗ ತಿನ್ನುತ್ತದೆ. ನೀರು 40 ಸೆ.ಮೀ. ಉದ್ದ, 15 ಅಗಲ, 20 ಎತ್ತರಕ್ಕೆ ನಿಲ್ಲುವ ಟ್ಯಾಂಕಿನಲ್ಲಿ 10 ಮಿ.ಮೀ. ಹಾಳೆ ಎರಡೂವರೆ ಲೀಟರಿಗೂ ಹೆಚ್ಚು ನೀರಿನ ಜಾಗ ಹಿಡಿಯುತ್ತದೆ. 1994ರ ನಂತರ ಅಮೆರಿಕದಲ್ಲಿ ಮನೆಬಳಕೆಗೆ ತಯಾರಾದ ಕಮೋಡುಗಳು ಒಂದು ಫ್ಲಶ್ಶಿಗೆ 6 ಲೀಟರಿನಷ್ಟನ್ನೇ ಬಳಸುವಂತೆ ಕಟ್ಟಿದವು. ಅದರಲ್ಲೂ ಕಡಿತವಾದರೆ ಒಂದು ಸಲದ ಕೆಲಸಕ್ಕೆ ಎರಡು ಸಲ ಹಿಡಿ ಒತ್ತುವ ಗತಿ. ಫ್ಲೋಟನ್ನು ಏರಿಸಿ ಮಟ್ಟ ಹೆಚ್ಚಿಸಬಹುದು, ಆದರೆ ನೀರು ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಒಂದು ಅಂಗುಲ ಕೆಳಗೇ ಇರಬೇಕು. ಆ ಅವಕಾಶ ಇಲ್ಲದ ಟ್ಯಾಂಕಿಗೆ ನಾನು ಫೋಮ್ ಶಿಫಾರಸು ಮಾಡಲಾರೆ. ಹೇಗೂ ಕಮೋಡು ಬದಲಿಸುವ ಯೋಚನೆಯಲ್ಲಿರುವವರು ಕಾರ್ಖಾನೆಯಲ್ಲೇ ಒಳಹೊದಿಕೆ ಹಾಕಿ ಬರುವ ಟ್ಯಾಂಕು ಕೇಳಿ ಕೊಳ್ಳುವುದು ಜಾಣತನ. ಅದರ ನೀರಿನ ಲೆಕ್ಕ ಹೊದಿಕೆಯನ್ನು ಸೇರಿಸಿಯೇ ಮಾಡಿದ್ದು.

ಪ್ಲಂಬರುಗಳು ಸೂಚಿಸುವ ಇನ್ನೊಂದು ದಾರಿ ಟ್ಯಾಂಕಿಗೆ ಹೋಗುವ ತಣ್ಣೀರಿಗೆ ಬಿಸಿನೀರು ಬೆರೆಸುವ ವಾಲ್ವ್. ಇದು ಕೆಲಸ ಮಾಡುತ್ತದೆ, ಅನುಮಾನವಿಲ್ಲ. 6 ಲೀಟರ್ ನೀರನ್ನು ಎಂಟು ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಒಂದು ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗದಷ್ಟು ವಿದ್ಯುತ್. ದಿನಕ್ಕೆ ಇಪ್ಪತ್ತು ಫ್ಲಶ್ ಆಗುವ ಮನೆಯಲ್ಲಿ ದಿನಕ್ಕೊಂದು ಯೂನಿಟ್. ಹಣಕ್ಕಿಂತ ನನ್ನ ತಕರಾರು ಬೇರೆ. ಬಿಸಿನೀರಿನ ಪೈಪನ್ನು ಗೋಡೆಯೊಳಗಿಂದ ಕಮೋಡಿನವರೆಗೆ ಎಳೆಯಬೇಕು, ಮತ್ತು ವಾಲ್ವಿನೊಳಗಿನ ಹಿಮ್ಮುಖ ತಡೆ ಕೆಟ್ಟ ದಿನ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಸ್ನಾನದ ನೀರು ಉಗುರುಬೆಚ್ಚಗಾದದ್ದಕ್ಕೆ ಕಾರಣ ಕಮೋಡಿನ ಹಿಂದಿದೆ ಎಂದು ಯಾರಿಗೆ ಹೊಳೆಯಬೇಕು?

ಪೈಪುಗಳ ವಿಷಯದಲ್ಲಿ ಹೊದಿಕೆ ಹೊರಗಿನಿಂದಲೇ ಆಗಬೇಕು, ಆದ್ದರಿಂದ ಗಾಳಿಯನ್ನು ತಡೆಯುವ ಹೊಣೆಯೂ ಹೊದಿಕೆಯದೇ. ಉದ್ದಕ್ಕೆ ಸೀಳಿರುವ ಫೋಮ್ ಕೊಳವೆಯನ್ನು ಪೈಪಿಗೆ ಒತ್ತಿ ಕೂರಿಸಿ, ಅಲ್ಲಲ್ಲಿ ಟೇಪು ಸುತ್ತಿ ಕೈತೊಳೆದುಕೊಳ್ಳುವುದು ಎಲ್ಲೆಡೆಯ ರೂಢಿ. ಸೀಳನ್ನು ಉದ್ದಕ್ಕೂ ಅಂಟಿಸದಿದ್ದರೆ ಗಾಳಿ ಒಳಹೋಗುತ್ತದೆ, ನೀರು ಕಣ್ಣಿಗೆ ಕಾಣದ ಕಡೆ ಕಟ್ಟುತ್ತದೆ, ಹೊದಿಕೆಯ ಅತ್ಯಂತ ತಗ್ಗಿನ ಜಾಗಕ್ಕೆ ಹರಿದು ಅಲ್ಲಿಂದ ತೊಟ್ಟಿಕ್ಕುತ್ತದೆ. ಹಳೆಯ ಕಬ್ಬಿಣದ ಪೈಪಾದರೆ ಒಳಗೊಳಗೇ ತುಕ್ಕು. ಇಡೀ ಪೈಪು ಒಣಗಿದ್ದು ಒಂದೇ ಕಡೆ ಹನಿಯುತ್ತಿದೆ ಎಂದರೆ ತಪ್ಪು ಹನಿಯುವ ಜಾಗದಲ್ಲಲ್ಲ, ಮೇಲೆಲ್ಲೋ ಬಾಯಿಬಿಟ್ಟ ಸೀಳಿನಲ್ಲಿ. ತಿರುವುಗಳಲ್ಲಿ ಕೊಳವೆಯನ್ನು ಓರೆಯಾಗಿ ಕತ್ತರಿಸಿ ಅಂಚಿಗೆ ಅಂಚು ಅಂಟಿಸಬೇಕು, ಕ್ಲ್ಯಾಂಪನ್ನು ಹೊದಿಕೆಯ ಮೇಲಿಂದ ಹಾಕಬೇಕು. ಬರೀ ಗಾಜಿನ ಉಣ್ಣೆ ಸುತ್ತುವುದು ಟ್ಯಾಂಕಿಗೆ ಟವೆಲ್ ಹೊದಿಸಿದಷ್ಟೇ ಫಲ ಕೊಡುತ್ತದೆ.

ನೆಲಮಾಳಿಗೆಯಲ್ಲಿ ಹತ್ತಾರು ಪೈಪುಗಳು ಬೆವರುತ್ತಿದ್ದರೆ ಗಾಳಿಯಿಂದಲೇ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ಹೆಚ್ಚು ಸರಿ. ತೇವಾಂಶ ಶೇ. 70ರಿಂದ 50ಕ್ಕೆ ಇಳಿದರೆ ಇಬ್ಬನಿ ಬಿಂದು 21ರಿಂದ 16ರ ಹತ್ತಿರಕ್ಕೆ ಇಳಿಯುತ್ತದೆ, ಹೆಚ್ಚಿನ ಬೆವರು ಅಲ್ಲಿಗೇ ಮುಗಿಯುತ್ತದೆ. ಆದರೆ ಯಂತ್ರ ಓಡುವಾಗ ಕಿಟಕಿ ಮುಚ್ಚಿರಬೇಕು. ಹೊರಗಿನ ಗಾಳಿಯಾಡಿದರೆ ತೇವ ಹೋದೀತು ಎಂಬ ನಮ್ಮ ಊರಿನ ಅಭ್ಯಾಸ ಅಲ್ಲಿ ತಿರುಗಿ ಬೀಳುತ್ತದೆ. ಜುಲೈ ತಿಂಗಳಲ್ಲಿ ತೇವ ಬರುವುದೇ ಆ ಕಿಟಕಿಯಿಂದ.

ನಮ್ಮ ಕರಾವಳಿಗೆ ಈ ಲೆಕ್ಕ ಬೇಡವೇ ಬೇಡ ಎನ್ನುವಂತಿಲ್ಲ. ಅಲ್ಲಿ ಬೆವರುವುದು ಸ್ಪ್ಲಿಟ್ ಎಸಿಯ ತಾಮ್ರದ ಪೈಪು. ಒಳಗೆ 8 ಡಿಗ್ರಿ; ಹೊರಗೆ 30 ಡಿಗ್ರಿ ಗಾಳಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಬಿಂದು 27. ಗಾಳಿಗೂ ಇಬ್ಬನಿ ಬಿಂದುವಿಗೂ ನಡುವೆ ಬರೀ ಮೂರು ಡಿಗ್ರಿ ಅಂತರ. ಒಣ ಊರಿನಲ್ಲಿ ಸಾಕಾಗುವ 9 ಮಿ.ಮೀ. ಫೋಮ್ ಕೊಳವೆಯ ಹೊರಮೈ ಇಲ್ಲಿ 25ರಲ್ಲೇ ಉಳಿದು ಒದ್ದೆಯಾಗುತ್ತದೆ, 19 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಕೊಳವೆ ಒಣಗಿರುತ್ತದೆ. ಫಾಲ್ಸ್ ಸೀಲಿಂಗಿನಲ್ಲಿ ಕಂದು ಕಲೆ ಬಂದಾಗ ಡ್ರೈನ್ ಪೈಪ್ ಕಟ್ಟಿದೆ ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪುವ ಮೊದಲು, ಯೂನಿಟ್ಟಿನ ಹಿಂದೆ ಎರಡು ಪೈಪು ನಟ್ಟಿನಿಂದ ಕೂಡುವ ಜಾಗವನ್ನು ಕೈಯಿಂದ ಮುಟ್ಟಿ ನೋಡಬೇಕು. ಜೋಡಣೆ ಮುಗಿದ ಮೇಲೆ ಅಲ್ಲಿಗೆ ಹೊದಿಕೆ ಎಳೆಯಲು ಮರೆತು ತಾಮ್ರವನ್ನು ಬೆತ್ತಲೆ ಬಿಟ್ಟಿರುವುದು ಸಾಮಾನ್ಯ.